ಮೊಬೈಲ್ ಆಟದ ಕಳ್ಳಾಟ: ಸರ್ವರ್ ಇಡುವ ಲೆಕ್ಕ

ಹತ್ತಾರು ಜನ ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ಆಡುವ ಮೊಬೈಲ್ ಆಟಗಳನ್ನು ನಿಮ್ಮ ಮನೆಯ ಮಕ್ಕಳು ಆಡುವುದನ್ನು ನೋಡಿರುತ್ತೀರಿ. ನೀವೇ ಆಡುತ್ತಿದ್ದರೂ ಆಶ್ಚರ್ಯವಿಲ್ಲ ಬಿಡಿ. ಎದುರಿಗಿದ್ದ ಆಟಗಾರ ಇದ್ದಕ್ಕಿದ್ದಂತೆ ಮಾಯವಾಗಿ ನಿಮ್ಮ ಬೆನ್ನ ಹಿಂದೆ ಕಾಣಿಸಿಕೊಂಡರೆ ಬಾಯಿಗೆ ಮೊದಲು ಬರುವ ಮಾತು "ಕಳ್ಳಾಟ!" ಎಂದೇ. ಆದರೆ ಆತ ನಿಜಕ್ಕೂ ಕಳ್ಳನೇ, ಇಲ್ಲ ಲಿಫ್ಟಿನೊಳಗೆ ಹೋಗಿ ಸಿಗ್ನಲ್ ಕಳೆದುಕೊಂಡ ಪಾಪದವನೇ? ಎರಡೂ ನಿಮ್ಮ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಇದನ್ನು ಬಿಡಿಸಬೇಕಾದದ್ದು ಆಟದ ಕಂಪನಿಯ ಸರ್ವರ್.

ಒಂದು ಆಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ ಆಟಗಾರನ ಗರಿಷ್ಠ ಓಟ ಸೆಕೆಂಡಿಗೆ 6 ಮೀಟರ್. ಫೋನು ಸೆಕೆಂಡಿಗೆ 10 ಸಲ "ನಾನೀಗ ಇಲ್ಲಿದ್ದೇನೆ" ಎಂದು ಸರ್ವರಿಗೆ ತಿಳಿಸುತ್ತದೆ. ಅಂದರೆ ಒಂದೊಂದು ಹೆಜ್ಜೆ ಹೆಚ್ಚೆಂದರೆ 60 ಸೆಂಟಿಮೀಟರ್. ಕಳ್ಳಾಟದವರು ಫೋನಿನಲ್ಲಿ ಆಟದ ಗಡಿಯಾರವನ್ನೇ ಒಂದೂವರೆ ಪಟ್ಟು ಬೇಗ ಓಡಿಸುತ್ತಾರೆ. ಇದಕ್ಕೆ ಸ್ಪೀಡ್ ಹ್ಯಾಕ್ ಎಂದು ಹೆಸರು. ಆಗ ಒಂದೊಂದು ಹೆಜ್ಜೆಯೂ 60 ಸೆಂಟಿಮೀಟರೇ, ಆದರೆ ಸೆಕೆಂಡಿಗೆ 10ರ ಬದಲು 15 ಹೆಜ್ಜೆ! ಹೆಜ್ಜೆಯನ್ನಷ್ಟೇ ಅಳೆಯುವ ಸರ್ವರಿಗೆ ಇದು ಗೊತ್ತೇ ಆಗುವುದಿಲ್ಲ. ಫೋನು ಬರೆದು ಕಳಿಸುವ ಸಮಯವನ್ನು ನಂಬುವಂತೆಯೂ ಇಲ್ಲ, ಕೆಟ್ಟಿರುವುದೇ ಆ ಗಡಿಯಾರ. ಆದ್ದರಿಂದ ಸರ್ವರ್ ತನ್ನ ಗಡಿಯಾರವನ್ನೇ ನೋಡಬೇಕು.

ಇಲ್ಲೇ ತೊಡಕು. ಲಿಫ್ಟಿನಲ್ಲಿ 2 ಸೆಕೆಂಡು ಸಿಗ್ನಲ್ ಹೋಯಿತೆನ್ನಿ. ಹೊರಬಂದ ತಕ್ಷಣ ತಡೆದು ನಿಂತಿದ್ದ 20 ಹೆಜ್ಜೆಗಳೂ ಒಟ್ಟಿಗೆ ಬಂದು ಬೀಳುತ್ತವೆ. ಸರ್ವರಿನ ಗಡಿಯಾರದ ಪ್ರಕಾರ ಆತ ಒಂದೇ ಕ್ಷಣದಲ್ಲಿ 12 ಮೀಟರ್ ಹಾರಿದ. ಅಷ್ಟಕ್ಕೇ ಹೊರಗೆ ಹಾಕಿದರೆ ಅನ್ಯಾಯವಲ್ಲವೇ?

ಇದಕ್ಕಿರುವ ಉಪಾಯ ನಮ್ಮ ಕಟ್ಟಡಗಳ ಮೇಲಿನ ನೀರಿನ ಟ್ಯಾಂಕಿನಂಥದು. ಪ್ರತಿ ಆಟಗಾರನ ಹೆಸರಿನಲ್ಲೂ ಸರ್ವರ್ ಒಂದು ಟ್ಯಾಂಕ್ ಇಡುತ್ತದೆ. ಅದರಲ್ಲಿರುವುದು ನೀರಲ್ಲ, ಮೀಟರು. ಸರ್ವರಿನ ಗಡಿಯಾರದ ಒಂದೊಂದು ಸೆಕೆಂಡಿಗೆ 6.6 ಮೀಟರ್ ತುಂಬುತ್ತದೆ. ಸಂದೇಶಗಳು ಸ್ವಲ್ಪ ಹಿಂದೆಮುಂದೆ ಆಗುವುದು ಸಹಜವಾದ್ದರಿಂದ ಹತ್ತು ಪರ್ಸೆಂಟ್ ರಿಯಾಯಿತಿ. ಟ್ಯಾಂಕಿನಲ್ಲಿ ಹಿಡಿಯುವುದು 15 ಮೀಟರ್, ಮಿಕ್ಕಿದ್ದು ಹರಿದು ಹೋಗುತ್ತದೆ. ಆಟಗಾರ ಓಡಿದಷ್ಟು ದೂರ ಇದರಿಂದ ಕಳೆಯುತ್ತದೆ.

ಲಿಫ್ಟಿನವನ ಟ್ಯಾಂಕು ತುಂಬಿತ್ತೆನ್ನಿ. 12 ಮೀಟರ್ ಒಟ್ಟಿಗೆ ಕಳೆದರೂ 3 ಉಳಿಯಿತು, ಆತ ಪಾರಾದ. ಸ್ಪೀಡ್ ಹ್ಯಾಕಿನವನು ಸೆಕೆಂಡಿಗೆ 9 ಮೀಟರ್ ಖರ್ಚು ಮಾಡುತ್ತಾನೆ, ತುಂಬುವುದು 6.6 ಮಾತ್ರ. ಸೆಕೆಂಡಿಗೆ 2.4ರಂತೆ ಕರಗಿ ಆರು ಸೆಕೆಂಡು ದಾಟುತ್ತಿದ್ದಂತೆ ಟ್ಯಾಂಕು ಖಾಲಿ!

ಖಾಲಿಯಾದ ಮೇಲೆ ಸರ್ವರ್ ಯಾರನ್ನೂ ತಕ್ಷಣ ಹೊರಗೆ ಹಾಕಬಾರದು. ಆ ಹೆಜ್ಜೆಯನ್ನು ಒಪ್ಪದೆ, ತಾನು ಕೊನೆಯದಾಗಿ ಒಪ್ಪಿದ ಜಾಗಕ್ಕೆ ಆಟಗಾರನನ್ನು ಎಳೆದು ತಂದು ನಿಲ್ಲಿಸುತ್ತದೆ. ರಬ್ಬರ್ ಬ್ಯಾಂಡ್ ಕಟ್ಟಿದಂತೆ ಹಿಂದಕ್ಕೆ ಜಗ್ಗುವುದು ನಿಮಗೂ ಅನುಭವಕ್ಕೆ ಬಂದಿರಬಹುದು. ಕಳ್ಳನಿಗೆ ಲಾಭವಿಲ್ಲ, ನೆಟ್‌ವರ್ಕ್ ಕೆಟ್ಟವನಿಗೆ ಒಂದಿಷ್ಟು ಕಿರಿಕಿರಿ, ಅಷ್ಟೇ. ಎಳೆತಗಳನ್ನು ಎಣಿಸುತ್ತಾ ಹೋದರೆ ಗುರುತು ತಾನಾಗಿ ಸಿಗುತ್ತದೆ. ಪ್ರಾಮಾಣಿಕನನ್ನು ಎಳೆದಿರುವುದು ಸಂದೇಶಗಳು ನಿಂತುಹೋದ ಹೊತ್ತಿನ ಆಸುಪಾಸಿನಲ್ಲಿ. ಸಂದೇಶಗಳು ಎಡೆಬಿಡದೆ ಬರುತ್ತಿರುವಾಗಲೂ ಮತ್ತೆ ಮತ್ತೆ ಟ್ಯಾಂಕು ಖಾಲಿ ಮಾಡುವವನ ಮೇಲೆ ಕಣ್ಣಿಡಬೇಕು.

ಆಟ ಮಾಡುವವರೇ ಎಡವುವ ಜಾಗವೂ ಒಂದಿದೆ. ಆಟಕ್ಕೆ ಹೊಸದಾಗಿ ಒಂದು ಜೀಪು ಸೇರಿಸಿ, ಅದರ ವೇಗವನ್ನು ಸರ್ವರಿನ ಲೆಕ್ಕಕ್ಕೆ ಸೇರಿಸಲು ಮರೆತರೆ, ಜೀಪು ಹತ್ತಿದವರೆಲ್ಲ ಕಳ್ಳರಾಗುತ್ತಾರೆ! ಬಾಂಬು ಸಿಡಿದು ದೂರ ಬೀಳುವುದಕ್ಕೂ ಇದೇ ಮಾತು, ಆ ದೂರವನ್ನು ಸರ್ವರೇ ಟ್ಯಾಂಕಿಗೆ ಜಮಾ ಮಾಡಬೇಕು. ಒಂದೇ ದಿನದಲ್ಲಿ ಎಳೆತಗಳು ಎಲ್ಲರಿಗೂ ಏರಿದರೆ ತಪ್ಪು ಆಟಗಾರರದ್ದಲ್ಲ, ಲೆಕ್ಕದ್ದು.

ಈ ಲೆಕ್ಕಕ್ಕೂ ತೂತುಗಳಿವೆ. ಹತ್ತು ಪರ್ಸೆಂಟಿನೊಳಗೆ ಹುಷಾರಾಗಿ ಓಡುವ ಕಳ್ಳ ಸಿಗುವುದೇ ಇಲ್ಲ. ಟ್ಯಾಂಕು ತುಂಬಿಸಿಕೊಂಡು ಬೇಕೆಂದೇ ನೆಟ್ ನಿಲ್ಲಿಸಿ, ಒಮ್ಮೆಲೇ 15 ಮೀಟರ್ ಹಾರುವವರೂ ಇದ್ದಾರೆ. ಅದಕ್ಕಾಗಿ ತಡವಾಗಿ ಬಂದ ಒಂದೊಂದು ಹೆಜ್ಜೆಯನ್ನೂ ಸರ್ವರ್ ತನ್ನಲ್ಲಿರುವ ನಕ್ಷೆಗೆ ಹೋಲಿಸಿ, ನಡುವೆ ಗೋಡೆಯಿದ್ದರೆ ಅಲ್ಲಿಗೇ ನಿಲ್ಲಿಸುತ್ತದೆ. ಬಯಲಿನಲ್ಲಿ ಹಾರಿದರೆ ಏನೂ ಮಾಡಲಾಗದು. ಟ್ಯಾಂಕು ಚಿಕ್ಕದು ಮಾಡಿದರೆ ಆ ಹಾರಾಟ ತಗ್ಗುತ್ತದೆ, ಜೊತೆಗೆ ಲಿಫ್ಟಿನಲ್ಲಿ ಸಿಕ್ಕಿಕೊಂಡವನ ಕಷ್ಟವೂ ಹೆಚ್ಚುತ್ತದೆ. ಇನ್ನು ನಿಯಮದ ವೇಗದಲ್ಲೇ ಓಡುತ್ತಾ, ಗುರಿಯನ್ನು ಮಾತ್ರ ಪ್ರೋಗ್ರಾಮಿನಿಂದ ಹಿಡಿಸುವವನು ಈ ಟ್ಯಾಂಕಿನ ಮುಂದೆ ಸಾಚಾ ಆಟಗಾರನೇ. ಅವನಿಗೆ ಬೇರೆಯೇ ಬಲೆ ಬೇಕು.