ಟವೆಲ್ ಹಾಕಿದ ಸೀಟುಗಳು

ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತು. ಟವೆಲ್ ಇದೆ, ಆದರೆ ಆಸಾಮಿ ಇನ್ನೂ ಹತ್ತಿಲ್ಲ. ಬಸ್ಸಿನಲ್ಲಾದರೆ ಕಂಡಕ್ಟರ್ ಬಂದು ಕೇಳುತ್ತಾರೆ. ಕಂಪನಿಗಳ ಸಾಫ್ಟ್‌ವೇರ್ ಲೈಸೆನ್ಸಿನಲ್ಲಿ ಹಾಗೆ ಕೇಳುವವರು ಕಡಿಮೆ. ಮೇಲ್, ವರ್ಡ್, ಎಕ್ಸೆಲ್, ಮೀಟಿಂಗ್ ಎಲ್ಲ ಸೇರಿದ ಪ್ಯಾಕೇಜನ್ನು ಈಗ ತಲೆಗೆ ಇಷ್ಟು ಎಂದು ಬಾಡಿಗೆಯ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅಲ್ಲೂ ಒಂದು ತಲೆಗೆ ‘ಸೀಟು’ ಎಂದೇ ಹೆಸರು.

ಈ ಎಡವಟ್ಟು ಸಣ್ಣ ಆಫೀಸುಗಳಿಗೆ ಮಾತ್ರ ಮೀಸಲಲ್ಲ. ಅಮೆರಿಕದ ನಾಸಾ ಐದು ವರ್ಷಗಳಲ್ಲಿ ಬಳಸದೇ ಬಿಟ್ಟ ಒರಾಕಲ್ ಲೈಸೆನ್ಸುಗಳಿಗೆ ಸುಮಾರು 1.5 ಕೋಟಿ ಡಾಲರ್ ತೆತ್ತಿದೆ ಎಂದು ಅದರದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2023ರ ಜನವರಿಯಲ್ಲಿ ಅಂದಾಜು ಮಾಡಿತು. ಆ ಖರೀದಿಯ ಬೇರು ಸ್ಪೇಸ್ ಶಟಲ್ ಕಾಲದ್ದು. ಶಟಲ್ ಕೊನೆಯ ಸಲ ಹಾರಿದ್ದು 2011ರಲ್ಲಿ.

ಹುಬ್ಬಳ್ಳಿ ಕಡೆಯ ಒಂದು ಬಿಡಿಭಾಗ ತಯಾರಿಕಾ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಅದು ಮೈಕ್ರೋಸಾಫ್ಟ್ 365ರ 125 ಸೀಟುಗಳನ್ನು ಒಂದು ವರ್ಷದ ಕರಾರಿನ ಮೇಲೆ ಕೊಂಡಿದೆ. ಲೆಕ್ಕಕ್ಕೆ ಸುಲಭವಾಗಲೆಂದು ಸೀಟಿಗೆ ತಿಂಗಳಿಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಅಡ್ಮಿನ್ ಪುಟದಲ್ಲಿ ಲೈಸೆನ್ಸ್ ಪಟ್ಟಿ ತೆರೆದರೆ ಎರಡು ಅಂಕಿಗಳು ಕಾಣುತ್ತವೆ: ಕೊಂಡದ್ದು 125, ಹಂಚಿದ್ದು 113. ಅಂದರೆ 12 ಸೀಟುಗಳು ಯಾರ ಹೆಸರಿಗೂ ಇಲ್ಲ. ಇಷ್ಟನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಹೇಳಬಹುದು. ನಿಜವಾದ ಕೆಲಸ ಇರುವುದು ಹಂಚಿದ 113ರ ಒಳಗೆ. ಅಲ್ಲಿ ಟವೆಲ್ ಎಷ್ಟು, ಕೂತವರೆಷ್ಟು?

ಇದನ್ನು ನೋಡಲು ಪ್ರತಿ ಖಾತೆಯ ಕೊನೆಯ ಲಾಗಿನ್ ದಿನಾಂಕ ಬೇಕು. ಅದು ಸಿಗಬೇಕಾದರೆ ಸಂಸ್ಥೆಯ ಬಳಿ ಎಂಟ್ರಾ ಐಡಿ ಪಿ1 ದರ್ಜೆಯ ಲೈಸೆನ್ಸ್ ಇರಬೇಕು. 90 ದಿನ ಸದ್ದಿಲ್ಲದ ಖಾತೆಗಳನ್ನು ಸೋಸಿದಾಗ ನಮ್ಮ ಕಂಪನಿಯಲ್ಲಿ 19 ಹೆಸರು ಬಂದವು. ಅಂದೇ ಅಷ್ಟನ್ನೂ ಕಿತ್ತುಹಾಕಿದ್ದರೆ ಮರುದಿನ ಬೆಳಗ್ಗೆ ಐಟಿಯವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಏಕೆಂದರೆ ಆ ದಿನಾಂಕ ಸುಳ್ಳು ಹೇಳಬಲ್ಲದು, ಅದೂ ಎರಡು ದಿಕ್ಕಿನಲ್ಲಿ.

ಮೊದಲ ಸುಳ್ಳು ಫೋನಿನದು. ಹತ್ತೊಂಬತ್ತರಲ್ಲಿ ನಾಲ್ವರು ಶಾಪ್‌ಫ್ಲೋರ್ ಸೂಪರ್‌ವೈಸರ್‌ಗಳು. ಒಬ್ಬರನ್ನು ಕೇಳಿದರೆ, “ಏನ್ ಹೇಳ್ತೀರಿ ಸರ್, ದಿನಾ ಮೇಲ್ ನೋಡ್ತೀನ್ರೀ ನಾ” ಎಂದಾರು. ಅವರ ಮಾತೂ ನಿಜವೇ. ಫೋನಿನ ಔಟ್‌ಲುಕ್ ಆ್ಯಪಿನಲ್ಲಿ ಪಾಸ್‌ವರ್ಡ್ ಹಾಕಿದ್ದು ಆರು ತಿಂಗಳ ಹಿಂದೆ. ಆಮೇಲೆ ಆ್ಯಪ್ ತನ್ನ ಪ್ರವೇಶವನ್ನು ತೆರೆಮರೆಯಲ್ಲಿ ತಾನೇ ನವೀಕರಿಸಿಕೊಳ್ಳುತ್ತಾ ಬಂದಿದೆ. ಮನುಷ್ಯ ಖುದ್ದಾಗಿ ಲಾಗಿನ್ ಆದದ್ದು `lastSignInDateTime` ಎಂಬ ಕಾಲಮ್ಮಿನಲ್ಲಿ ದಾಖಲಾಗುತ್ತದೆ. ಆ್ಯಪ್ ಆತನ ಪರವಾಗಿ ಹೋಗಿಬಂದದ್ದಕ್ಕೆ `lastNonInteractiveSignInDateTime` ಎಂಬ ಬೇರೆಯೇ ಕಾಲಮ್ಮಿದೆ. ಮೊದಲನೆಯದನ್ನಷ್ಟೇ ನೋಡಿದವರು ದಿನಾ ದುಡಿಯುವವರನ್ನೇ ಗೈರುಹಾಜರಿ ಪಟ್ಟಿಗೆ ಸೇರಿಸಿಬಿಡುತ್ತಾರೆ.

ಎರಡನೆಯ ಸುಳ್ಳು ಇದಕ್ಕೆ ತದ್ವಿರುದ್ಧ. ಮೊದಲ ಕಾಲಮ್ಮಿನಲ್ಲಿ ವಿಫಲ ಪ್ರಯತ್ನಗಳೂ ನಮೂದಾಗುತ್ತವೆ. ಕೆಲಸ ಬಿಟ್ಟು ವರ್ಷವಾದವರ ಖಾತೆಯ ಪಾಸ್‌ವರ್ಡನ್ನು ಹೊರಗಿನ ಕಳ್ಳನೊಬ್ಬ ನಿನ್ನೆ ಊಹಿಸಲು ನೋಡಿದ್ದರೆ, ಆ ಖಾತೆ ನಿನ್ನೆಯವರೆಗೂ ಬಳಕೆಯಲ್ಲಿದ್ದಂತೆ ತೋರುತ್ತದೆ! ಹೀಗಾಗಿ ಯಶಸ್ವಿ ಲಾಗಿನ್ನಿಗೇ ಮೀಸಲಾದ `lastSuccessfulSignInDateTime` ಅನ್ನು ನೋಡುವುದು ವಾಸಿ. ಇದರ ದಾಖಲೆ ಸಿಗುವುದು 2023ರ ಡಿಸೆಂಬರ್‌ನಿಂದ ಈಚೆಗೆ. ಅದಕ್ಕೂ ಹಿಂದೆ ಬಂದು ಹೋದವರ ಸಾಲಿನಲ್ಲಿ ಬರೀ ಖಾಲಿ ಇರುತ್ತದೆ. ಖಾಲಿ ಕಂಡಾಗ ಖಾತೆ ಹುಟ್ಟಿದ ದಿನವನ್ನೂ ನೋಡಬೇಕು, ಕಳೆದ ವಾರ ಸೇರಿದವರೂ ಹಾಗೆಯೇ ಕಾಣಬಹುದು.

ಸೂಪರ್‌ವೈಸರ್‌ಗಳನ್ನು ಬಿಟ್ಟರೆ ಉಳಿದದ್ದು 15. ಇವುಗಳಲ್ಲಿ ಇಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ನಮ್ಮ ಕಾನೂನಿನ 26 ವಾರಗಳ ರಜೆ 90 ದಿನದ ಜರಡಿಗಿಂತ ದೊಡ್ಡದು, ಹಾಗಾಗಿ ಅವರನ್ನು ಮುಟ್ಟುವಂತಿಲ್ಲ. ಒಂದು ಖಾತೆ ಮನುಷ್ಯರದ್ದೇ ಅಲ್ಲ, ಹಾಜರಾತಿ ಯಂತ್ರ ವರದಿ ಕಳಿಸಲು ಬಳಸುವ ವಿಳಾಸ. ಪರ್ಯಾಯ ಹುಡುಕುವ ತನಕ ಅದೂ ಇರಲಿ. ಮೂರು ಸೀಟುಗಳನ್ನು ಬರಬೇಕಿದ್ದ ಹೊಸಬರಿಗೆಂದು ಸಿದ್ಧಮಾಡಿಟ್ಟಿದ್ದರು, ಅವರು ಬರಲೇ ಇಲ್ಲ. ಇನ್ನು ಮೂರು ವಿಚಾರಣೆ, ಬಿಲ್ಲು, ನೇಮಕಾತಿಯಂಥ ಸಾಮಾನ್ಯ ವಿಳಾಸಗಳು. ಇವನ್ನು ಹಲವರು ಹಂಚಿಕೊಂಡು ನೋಡುವ ‘ಶೇರ್ಡ್ ಮೇಲ್‌ಬಾಕ್ಸ್’ ಮಾಡಿದರೆ 50 ಜಿಬಿವರೆಗೆ ಲೈಸೆನ್ಸೇ ಬೇಡ.

ಉಳಿದ ಆರು ಕೆಲಸ ಬಿಟ್ಟವರವು. ಇವರ ಖಾತೆಗಳನ್ನು ಐಟಿ ವಿಭಾಗ ಹೋದ ದಿನವೇ ಬ್ಲಾಕ್ ಮಾಡಿತ್ತು, ‘ನಮ್ಮ ಕೆಲಸ ಮುಗಿಯಿತು’ ಎಂದುಕೊಂಡಿತ್ತು. ಅತಿ ಹೆಚ್ಚು ದುಡ್ಡು ಸೋರುವುದು ಇಲ್ಲೇ. ಬ್ಲಾಕ್ ಮಾಡಿದರೆ ಬಾಗಿಲಿಗೆ ಬೀಗ ಬೀಳುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಸೀಟನ್ನು ಬೇರೆಯಾಗಿಯೇ ಬಿಡಿಸಬೇಕು. ಬಿಡಿಸುವುದಕ್ಕೂ ಒಂದು ಕ್ರಮವಿದೆ. ಹಳೆಯ ಪತ್ರಗಳು ಬೇಕಿದ್ದರೆ ಮೊದಲು ಆ ಮೇಲ್‌ಬಾಕ್ಸನ್ನು ಶೇರ್ಡ್ ಮಾಡಿ, ಆಮೇಲೆ ಲೈಸೆನ್ಸ್ ತೆಗೆಯಬೇಕು. ಹಾಗೆ ಮಾಡದೆ ನೇರ ಲೈಸೆನ್ಸ್ ಕಿತ್ತರೆ ಪತ್ರಗಳು 30 ದಿನ ಮಾತ್ರ ಉಳಿಯುತ್ತವೆ. ಖರೀದಿ ವಿಭಾಗದವರು ಹೋಗಿ ಎರಡು ತಿಂಗಳಾದ ಮೇಲೆ ಹಳೆಯ ಕೊಟೇಶನ್ ಬೇಕೆಂದು ಯಾರಾದರೂ ಬಂದರೆ ಕೈಚೆಲ್ಲಿ ಕೂರಬೇಕಾಗುತ್ತದೆ.

ಲೆಕ್ಕ ಹೀಗೆ ನಿಂತಿತು: ಆರು, ಮೂರು, ಮೂರು, ಒಟ್ಟು 12 ಸೀಟು ಬಿಡುಗಡೆ. ಹಂಚದೇ ಉಳಿದಿದ್ದ 12 ಸೇರಿದರೆ 24. ತಿಂಗಳಿಗೆ 19,200 ರೂಪಾಯಿ.

ಈ ಲೆಕ್ಕವನ್ನು ತಿಂಗಳಿಗೊಮ್ಮೆಯೇ ಏಕೆ ಮಾಡಬೇಕು ಎಂಬುದಕ್ಕೂ ಉತ್ತರ ಆ 30 ದಿನದಲ್ಲಿದೆ. ಅಳಿಸಿದ ಬಳಕೆದಾರರ ಖಾತೆಯನ್ನು ಮರಳಿ ತರಲೂ ಗಡುವು 30 ದಿನವೇ. ತಿಂಗಳ ವರದಿಯಲ್ಲಿ ತಪ್ಪು ಬೇಗ ಕಣ್ಣಿಗೆ ಬಿದ್ದರೆ ಸರಿಪಡಿಸಲು ಸಮಯವಿರುತ್ತದೆ, ವರ್ಷಕ್ಕೊಮ್ಮೆ ನೋಡಿದರೆ ಇರುವುದಿಲ್ಲ. ವರದಿ ಉದ್ದವಿರಬೇಕಿಲ್ಲ. ಮೇಲೆ ಕೊಂಡದ್ದು, ಹಂಚಿದ್ದು, ನಿಜಕ್ಕೂ ಬಳಕೆಯಲ್ಲಿರುವುದು, ಕಳೆದ ತಿಂಗಳಿನ ಇದೇ ಮೂರು ಅಂಕಿ. ಕೆಳಗೆ ಹೆಸರುಗಳು, ಪ್ರತಿ ಹೆಸರಿನ ಎದುರು ‘ಇರಲಿ’ ಅಥವಾ ‘ತೆಗೆಯಿರಿ’ ಎಂದು ಬರೆಯಲು ಜಾಗ. ಒಂದೊಂದು ವಿಭಾಗದ ಮ್ಯಾನೇಜರಿಗೆ ಅವರವರ ಹೆಸರುಗಳನ್ನಷ್ಟೇ ಕಳಿಸಿದರೆ ಉತ್ತರ ಬರುತ್ತದೆ. ಇಡೀ ಪಟ್ಟಿಯನ್ನು ಎಲ್ಲರಿಗೂ ಕಳಿಸಿದರೆ ಯಾರೂ ಓದುವುದಿಲ್ಲ, ಅದು ಸಿಬ್ಬಂದಿಯ ಮೇಲೆ ಕಣ್ಣಿಡುವ ಹಾಜರಿ ಪುಸ್ತಕವಾಗುವ ಅಪಾಯ ಬೇರೆ. ಮೈಕ್ರೋಸಾಫ್ಟ್ ತನ್ನ ಬಳಕೆ ವರದಿಗಳಲ್ಲಿ ಜನರ ಹೆಸರನ್ನು ತಾನಾಗಿಯೇ ಮರೆಮಾಡಿ ತೋರಿಸುವುದು ಸುಮ್ಮನೆ ಅಲ್ಲ.

ಆದರೆ ಸೀಟು ಬಿಡಿಸಿದ ಮಾತ್ರಕ್ಕೆ ಬಿಲ್ಲು ಇಳಿಯುವುದಿಲ್ಲ. ವಾರ್ಷಿಕ ಕರಾರಿನಲ್ಲಿ ಸೀಟು ಹೆಚ್ಚಿಸುವುದು ಯಾವತ್ತೂ ಸುಲಭ. ಇಳಿಸಲು ಅವಕಾಶ ಇರುವುದು ಖರೀದಿ ಅಥವಾ ನವೀಕರಣವಾದ ಮೊದಲ ಏಳು ದಿನ ಮಾತ್ರ, ಅದು ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕು. ನಮ್ಮ ಕಂಪನಿ ಸೆಪ್ಟೆಂಬರಿನಲ್ಲಿ ಬಿಡಿಸಿದ ಸೀಟುಗಳಿಗೆ ಮಾರ್ಚ್‌ವರೆಗೂ ದುಡ್ಡು ಕಟ್ಟಲೇಬೇಕಾಯಿತು. ಆ ಅವಧಿಯಲ್ಲಿ ಸೇರಿದ ಹೊಸಬರನ್ನು ಅದೇ ಸೀಟುಗಳಲ್ಲಿ ಕೂರಿಸಿದ್ದಷ್ಟೇ ಲಾಭ, ಬಿಟ್ಟುಹೋದವರೂ ಅಷ್ಟೇ ಮಂದಿ ಇದ್ದುದರಿಂದ ಬಳಕೆ 101ರಲ್ಲೇ ನಿಂತಿತು. ಅದರ ಮೇಲೆ ನಾಲ್ಕು ಸೀಟು ಕೈಯಲ್ಲಿರಲಿ ಎಂದು ಏಪ್ರಿಲ್ ಒಂದಕ್ಕೆ ಕಳಿಸಿದ ಆರ್ಡರಿನಲ್ಲಿ ಬರೆದ ಸಂಖ್ಯೆ 105.