ಸರಾಸರಿಯಲ್ಲಿ ಕಳೆದುಹೋದ ಎಳೆತ

20 ಸೆಂಟಿಮೀಟರ್ ಅಗಲದ ಒಂದು ನೀರಿನ ಪೈಪನ್ನು ಊಹಿಸಿಕೊಳ್ಳಿ. ನೀರು ರಭಸವಾಗಿ ಹರಿಯುತ್ತಿದೆ, ಒಳಗೆಲ್ಲ ಸುಳಿಗಳು. ಎಂಜಿನಿಯರುಗಳು ಇಂಥ ಹರಿವನ್ನು ಟರ್ಬುಲೆಂಟ್ ಎನ್ನುತ್ತಾರೆ. ಪೈಪಿನ ಗೋಡೆಯಿಂದ 2 ಸೆಂಟಿಮೀಟರ್ ಒಳಗೆ ಒಂದು ಬಿಂದುವಿನಲ್ಲಿ ನೀರಿನ ವೇಗ ಅಳೆದೆವೆನ್ನೋಣ. ಲೆಕ್ಕ ಸುಲಭವಾಗಲೆಂದು ನಾಲ್ಕೇ ಅಳತೆಗಳನ್ನು ನಾನೇ ಆರಿಸಿಕೊಂಡಿದ್ದೇನೆ. ಪೈಪಿನ ಉದ್ದಕ್ಕೆ ನೀರಿನ ವೇಗ ಸೆಕೆಂಡಿಗೆ 0.90, 0.70, 0.86, 0.74 ಮೀಟರ್. ಅದೇ ನಾಲ್ಕು ಕ್ಷಣಗಳಲ್ಲಿ ಗೋಡೆಯಿಂದ ಆಚೆಗೆ ಸರಿಯುವ ವೇಗ -0.04, +0.04, +0.02, -0.02. ಮೈನಸ್ ಎಂದರೆ ನೀರು ಗೋಡೆಯತ್ತ ಬರುತ್ತಿದೆ.

ಮೊದಲನೆಯದರ ಸರಾಸರಿ 0.80. ಎರಡನೆಯದರ ಸರಾಸರಿ ಸೊನ್ನೆ, ಏಕೆಂದರೆ ಒಟ್ಟಾರೆ ನೀರು ಗೋಡೆಯತ್ತಲೂ ಹೋಗುತ್ತಿಲ್ಲ, ನಡುವಿನತ್ತಲೂ ಹೋಗುತ್ತಿಲ್ಲ. ಈ ಎರಡು ಸರಾಸರಿಗಳನ್ನು ಗುಣಿಸಿದರೆ ಸೊನ್ನೆ. ಆದರೆ ಪ್ರತಿ ಕ್ಷಣದ ಜೋಡಿಯನ್ನು ಮೊದಲು ಗುಣಿಸಿ, ಆಮೇಲೆ ಸರಾಸರಿ ತೆಗೆದು ನೋಡಿ: -0.0014 ಬರುತ್ತದೆ. ಮೊದಲು ಗುಣಿಸುವುದಕ್ಕೂ ಮೊದಲು ಸರಾಸರಿ ತೆಗೆಯುವುದಕ್ಕೂ ಇರುವ ಈ ವ್ಯತ್ಯಾಸವೇ ಟರ್ಬುಲೆನ್ಸ್ ಅಧ್ಯಯನವನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಕಾಡುತ್ತಿದೆ.

ಹರಿಯುವ ದ್ರವಕ್ಕೆ ನ್ಯೂಟನ್ನನ ನಿಯಮವನ್ನು ಅನ್ವಯಿಸಿ ಬರೆದವು ನೇವಿಯರ್-ಸ್ಟೋಕ್ಸ್ ಸಮೀಕರಣಗಳು. ಮೂರು ದಿಕ್ಕಿಗೆ ಮೂರು ಸಮೀಕರಣ, ನೀರು ಎಲ್ಲೂ ಹುಟ್ಟುವುದೂ ಇಲ್ಲ ಮಾಯವಾಗುವುದೂ ಇಲ್ಲ ಎಂಬುದಕ್ಕೆ ಇನ್ನೊಂದು. ಒಟ್ಟು ನಾಲ್ಕು. ಕಂಡುಹಿಡಿಯಬೇಕಾದದ್ದೂ ನಾಲ್ಕೇ: ಮೂರು ದಿಕ್ಕಿನ ವೇಗ ಮತ್ತು ಒತ್ತಡ. ಲೆಕ್ಕ ಸರಿಹೊಂದಿದೆ. ಆದರೆ ಟರ್ಬುಲೆಂಟ್ ಹರಿವಿನಲ್ಲಿ ಪ್ರತಿ ಸಣ್ಣ ಸುಳಿಯನ್ನೂ ಕ್ಷಣಕ್ಷಣಕ್ಕೂ ಹಿಂಬಾಲಿಸುವುದು ಬಲು ದುಬಾರಿ. ಪೈಪು ಹಾಕುವವರಿಗೆ, ವಿಮಾನದ ರೆಕ್ಕೆ ಮಾಡುವವರಿಗೆ ಅದು ಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಸರಾಸರಿ. 1895ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಪ್ರತಿ ವೇಗವನ್ನೂ ಸರಾಸರಿ ಮತ್ತು ಏರಿಳಿತ ಎಂದು ಎರಡಾಗಿ ಒಡೆದು, ಸಮೀಕರಣಗಳನ್ನೇ ಸರಾಸರಿಗೆ ಒಳಪಡಿಸಿದ.

ಸಮೀಕರಣದ ಹೆಚ್ಚಿನ ಪದಗಳಲ್ಲಿ ಏರಿಳಿತಗಳು ಸರಾಸರಿಯಾದೊಡನೆ ಸೊನ್ನೆಯಾಗಿ ಬಿದ್ದುಹೋಗುತ್ತವೆ. ತೊಡಕಾಗುವುದು ಒಂದೇ ಕಡೆ. ಚಲಿಸುವ ನೀರು ತನ್ನ ವೇಗವನ್ನು ತಾನೇ ಹೊತ್ತೊಯ್ಯುತ್ತದೆ, ಆದ್ದರಿಂದ ಅಲ್ಲಿ ವೇಗಕ್ಕೆ ವೇಗವೇ ಗುಣಾಕಾರವಾಗಿ ಬರುತ್ತದೆ. ನಮ್ಮ ಪೈಪಿನಲ್ಲಿ ಕಂಡಂತೆ, ಗುಣಲಬ್ಧದ ಸರಾಸರಿಯಲ್ಲಿ ಏರಿಳಿತಗಳು ಸಾಯುವುದಿಲ್ಲ.

ಉಳಿದುಕೊಂಡ ಆ ಸಂಖ್ಯೆ ಬರೀ ಗಣಿತದ ಕಸವಲ್ಲ. ಗೋಡೆಯ ಹತ್ತಿರದ ನೀರು ನಿಧಾನ, ನಡುವಿನದು ವೇಗ. ಗೋಡೆಯತ್ತ ನುಗ್ಗುವ ನೀರು ಹೆಚ್ಚಿನ ವೇಗವನ್ನು ತರುತ್ತದೆ, ಗೋಡೆಯಿಂದ ಹೊರಟದ್ದು ನಿಧಾನವನ್ನು ಒಯ್ಯುತ್ತದೆ. ನಮ್ಮ ಮೊದಲ ಎರಡು ಅಳತೆಗಳು ಇಂಥವೇ. ಕೊನೆಯ ಎರಡು ಇದಕ್ಕೆ ತಿರುಗುಮುರುಗು, ಆದರೆ ಬಲಹೀನ. ಕೂಡಿಸಿ ನೋಡಿದರೆ ವೇಗದ ನೀರು ನಿಧಾನದ ನೀರನ್ನು ಮುಂದಕ್ಕೆ ಎಳೆಯುತ್ತಿದೆ. ಹೀಗೆ ಒಂದು ಪದರ ಪಕ್ಕದ ಪದರವನ್ನು ಪ್ರತಿ ಚದರ ಮೀಟರಿಗೆ ಎಷ್ಟು ಬಲದಿಂದ ಎಳೆಯುತ್ತದೆ ಎಂಬುದೇ ಸ್ಟ್ರೆಸ್. ಸುಳಿಗಳಿಂದ ಬಂದ ಇದಕ್ಕೆ ರೆನಾಲ್ಡ್ಸ್ ಸ್ಟ್ರೆಸ್ ಎಂದು ಹೆಸರು. 0.0014ನ್ನು ನೀರಿನ ಸಾಂದ್ರತೆ 1000ದಿಂದ ಗುಣಿಸಿದರೆ 1.4 ಪಾಸ್ಕಲ್. ಅದೇ ಜಾಗದಲ್ಲಿ ಸರಾಸರಿ ವೇಗ ಪ್ರತಿ ಸೆಂಟಿಮೀಟರಿಗೆ ಸೆಕೆಂಡಿಗೆ 5 ಸೆಂಟಿಮೀಟರಿನಷ್ಟು ಬದಲಾಗುತ್ತಿದ್ದರೆ, ನೀರಿನ ಸ್ವಂತ ಸ್ನಿಗ್ಧತೆಯಿಂದ ಬರುವ ಎಳೆತ 0.005 ಪಾಸ್ಕಲ್ ಮಾತ್ರ. ಸುಳಿಗಳ ಎಳೆತ ಅದಕ್ಕಿಂತ 280 ಪಟ್ಟು. ಇದನ್ನು ಕೈಬಿಟ್ಟು ಪೈಪಿನ ಲೆಕ್ಕ ಮಾಡುವಂತೆಯೇ ಇಲ್ಲ.

ದಿಕ್ಕುಗಳ ಜೋಡಿಯನ್ನೆಲ್ಲ ಲೆಕ್ಕ ಹಾಕಿದರೆ ಇಂಥ ಸ್ಟ್ರೆಸ್‌ಗಳು ಆರು. ಸಮೀಕರಣ ಮೊದಲಿನಂತೆ ನಾಲ್ಕೇ, ಗೊತ್ತಿಲ್ಲದವು ಈಗ ಹತ್ತು. ಇದೇ ಕ್ಲೋಶರ್ ಸಮಸ್ಯೆ: ಸಮೀಕರಣಗಳ ಗುಂಪು ಮುಚ್ಚಿಕೊಳ್ಳುತ್ತಿಲ್ಲ.

ಹಾಗಾದರೆ ಆ ಆರಕ್ಕೂ ಸಮೀಕರಣ ಬರೆಯೋಣ ಎನಿಸುತ್ತದೆ. ಬರೆಯಲೂಬಹುದು. ಮೂಲ ಸಮೀಕರಣದಿಂದ ಸರಾಸರಿಯದನ್ನು ಕಳೆದರೆ ಏರಿಳಿತದ ಸಮೀಕರಣ ಸಿಗುತ್ತದೆ. ಅದನ್ನು ಇನ್ನೊಂದು ಏರಿಳಿತದಿಂದ ಗುಣಿಸಿ ಸರಾಸರಿ ತೆಗೆದರೆ ಸ್ಟ್ರೆಸ್‌ನ ಸಮೀಕರಣ ಕೈಗೆ ಬರುತ್ತದೆ. ಆದರೆ ಗುಣಿಸಿದಾಗ ಮೂರು ಏರಿಳಿತಗಳ ಗುಣಲಬ್ಧ ಹುಟ್ಟಿಕೊಳ್ಳುತ್ತದೆ. ಅಂಥವು ಹತ್ತು, ಜೊತೆಗೆ ಒತ್ತಡದ ಏರಿಳಿತ ಸೇರಿದ ಪದಗಳು ಬೇರೆ. ಆ ಹತ್ತಕ್ಕೆ ಬರೆಯಹೊರಟರೆ ನಾಲ್ಕರ ಗುಣಲಬ್ಧ ಎದುರಾಗುತ್ತದೆ. ಈ ಸರಪಳಿಯನ್ನು 1924ರಲ್ಲಿ ರಷ್ಯಾದ ಕೆಲ್ಲರ್ ಮತ್ತು ಫ್ರೀಡ್ಮನ್ ಬಿಡಿಸಿ ತೋರಿಸಿದರು. ವಿಶ್ವ ಹಿಗ್ಗುತ್ತಿರಬಹುದು ಎಂದು ಐನ್‌ಸ್ಟೈನನ ಸಮೀಕರಣಗಳಿಂದ ಲೆಕ್ಕ ಹಾಕಿದ ಫ್ರೀಡ್ಮನ್ನೇ ಈತ. ಸರಪಳಿಗೆ ಕೊನೆಯಿಲ್ಲ, ಅದಕ್ಕೆ ಕಾರಣ ಗಣಿತಜ್ಞರ ಜಾಣ್ಮೆಯ ಕೊರತೆಯಲ್ಲ. ಒಂದೇ ಸರಾಸರಿ ಇದ್ದೂ ಏರಿಳಿತಗಳು ಒಂದಕ್ಕೊಂದು ಹೊಂದುವ ರೀತಿ ಬೇರೆಯಾಗಿರಬಹುದು. ನಮ್ಮ ಎರಡನೆಯ ಸಾಲಿನ ನಾಲ್ಕು ಅಂಕಿಗಳನ್ನು ಅದಲುಬದಲು ಮಾಡಿ ನೋಡಿ: ಸರಾಸರಿ ಸೊನ್ನೆಯಾಗಿಯೇ ಉಳಿಯುತ್ತದೆ, ಗುಣಲಬ್ಧದ ಸರಾಸರಿ ಬದಲಾಗುತ್ತದೆ. ಸರಾಸರಿ ತೆಗೆಯುವಾಗ ನಾವೇ ಎಸೆದ ಮಾಹಿತಿಯನ್ನು ಸರಾಸರಿಯಿಂದ ವಾಪಸು ಪಡೆಯುವುದು ಸಾಧ್ಯವಿಲ್ಲ. ಹೊರಗಿನಿಂದ ಒಂದು ಊಹೆಯನ್ನು ತಂದು ಸೇರಿಸಲೇಬೇಕು.

ಮೊದಲ ಊಹೆ ರೆನಾಲ್ಡ್ಸ್‌ಗಿಂತ ಮುಂಚೆಯೇ, 1877ರಲ್ಲಿ, ಫ್ರಾನ್ಸಿನ ಬುಸಿನೆಸ್ಕ್‌ನಿಂದ ಬಂದಿತ್ತು. ಸುಳಿಗಳ ಎಳೆತವೂ ಸ್ನಿಗ್ಧತೆಯಂತೆ ಸರಾಸರಿ ವೇಗದ ಇಳಿಜಾರಿಗೆ ಅನುಗುಣವಾಗಿರುತ್ತದೆ ಎನ್ನೋಣ, ಸ್ನಿಗ್ಧತೆಯನ್ನು ಮಾತ್ರ ದೊಡ್ಡದು ಮಾಡೋಣ ಎಂಬುದು ಅದರ ಸಾರ. ನಮ್ಮ ಬಿಂದುವಿನಲ್ಲಿ ಈ ಸುಳಿ ಸ್ನಿಗ್ಧತೆ ನೀರಿನದಕ್ಕಿಂತ 280 ಪಟ್ಟು. ಆದರೆ ನೀರಿನ ಸ್ನಿಗ್ಧತೆ ನೀರಿನ ಗುಣ; ಸುಳಿ ಸ್ನಿಗ್ಧತೆ ಹರಿವಿನ ಗುಣ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. 1925ರಲ್ಲಿ ಜರ್ಮನಿಯ ಪ್ರಾಂಟಲ್ ಇದಕ್ಕೊಂದು ಉದ್ದವನ್ನು ಜೋಡಿಸಿದ: ನೀರಿನ ಒಂದು ಮುದ್ದೆ ತನ್ನ ವೇಗವನ್ನು ಕಳೆದುಕೊಳ್ಳುವ ಮುನ್ನ ಅಡ್ಡಲಾಗಿ ಸಾಗುವ ದೂರ. ಗೋಡೆಯ ಹತ್ತಿರ ಅದು ಗೋಡೆಯಿಂದಿರುವ ದೂರದ ಸುಮಾರು 0.4ರಷ್ಟು. ನಮ್ಮ ಬಿಂದುವಿಗೆ 8 ಮಿಲಿಮೀಟರ್. ಆ ಉದ್ದವನ್ನು ವೇಗದ ಇಳಿಜಾರಿನಿಂದ ಗುಣಿಸಿ, ವರ್ಗ ಮಾಡಿ, ಸಾಂದ್ರತೆಯಿಂದ ಗುಣಿಸಿದರೆ 1.6 ಪಾಸ್ಕಲ್, ನಮ್ಮ 1.4ರ ಆಸುಪಾಸು. ಇಂದು ಕಂಪ್ಯೂಟರಿನಲ್ಲಿ ಓಡುವ ಹಲವು ಮಾದರಿಗಳು ಇನ್ನಷ್ಟು ಸಮೀಕರಣ ಸೇರಿಸಿ ಇದೇ ಸುಳಿ ಸ್ನಿಗ್ಧತೆಯನ್ನು ಅಂದಾಜು ಮಾಡುತ್ತವೆ.

ಈ ಊಹೆ ಎಲ್ಲಿ ಕೈಕೊಡುತ್ತದೆ ಎಂದು ಗುರುತಿಸಲು ಒಂದು ಸುಲಭ ದಾರಿಯಿದೆ. ಇಳಿಜಾರು ಸೊನ್ನೆಯಾದಲ್ಲಿ ಎಳೆತವೂ ಸೊನ್ನೆಯಾಗಬೇಕು ಎಂಬುದು ಅದರ ಷರತ್ತು. 1972ರಲ್ಲಿ ಹಾನ್ಯಾಲಿಚ್ ಮತ್ತು ಲಾಂಡರ್ ಒಂದು ಗೋಡೆ ಒರಟು, ಎದುರಿನದು ನುಣುಪು ಇರುವ ಕಾಲುವೆಯಲ್ಲಿ ಅಳೆದರು. ವೇಗ ಗರಿಷ್ಠವಾಗುವ ಜಾಗ ಮತ್ತು ಎಳೆತ ಸೊನ್ನೆಯಾಗುವ ಜಾಗ ಒಂದೇ ಆಗಿರಲಿಲ್ಲ. ಅವೆರಡರ ನಡುವಿನ ಪಟ್ಟಿಯಲ್ಲಿ ಸುಳಿ ಸ್ನಿಗ್ಧತೆ ಮೈನಸ್ ಆಗಬೇಕಾಗುತ್ತದೆ, ಆ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ಪ್ರಕರಣ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು, ನನಗೆ ಬಹಳ ಮೆಚ್ಚುಗೆಯಾದದ್ದು. ಟರ್ಬುಲೆಂಟ್ ಹರಿವನ್ನು ಥಟ್ಟನೆ ತೀವ್ರವಾಗಿ ವೇಗಗೊಳಿಸಿದರೆ ಗೋಡೆಯ ಬಳಿಯ ಪದರ ಮತ್ತೆ ಶಾಂತವಾಗುತ್ತಾ ಹೋಗುತ್ತದೆ. ರೊದ್ದಂ ನರಸಿಂಹ ಮತ್ತು ಕೆ.ಆರ್. ಶ್ರೀನಿವಾಸನ್ 1973ರಲ್ಲಿ ಇದನ್ನು ವಿವರಿಸಿದರು. ಒತ್ತಡ ಹರಿವನ್ನು ಅಷ್ಟು ಬೇಗ ಎಳೆದೊಯ್ಯುವಾಗ ಅದಕ್ಕೆ ತಕ್ಕಂತೆ ಬದಲಾಗಲು ರೆನಾಲ್ಡ್ಸ್ ಸ್ಟ್ರೆಸ್‌ಗೆ ಸಮಯವೇ ಸಿಗುವುದಿಲ್ಲ; ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುತ್ತದೆ. ಸ್ಟ್ರೆಸ್ ಇಳಿಜಾರನ್ನು ಕೂಡಲೇ ಹಿಂಬಾಲಿಸುತ್ತದೆ ಎಂಬ ಬುಸಿನೆಸ್ಕ್‌ನ ಊಹೆ ಅಲ್ಲಿ ನಡೆಯುವುದಿಲ್ಲ. ಆದರೆ ಪದರದ ಹೊರಭಾಗದಲ್ಲಿ ಒತ್ತಡದ ಬಲದ ಮುಂದೆ ಆ ಸ್ಟ್ರೆಸ್ ಎಷ್ಟು ಚಿಕ್ಕದೆಂದರೆ, ಅದನ್ನು ಬಿಟ್ಟೇ ಲೆಕ್ಕ ಮಾಡಬಹುದು. ಗೊತ್ತಿಲ್ಲದ ಆ ಸಂಖ್ಯೆಯ ಗೊಡವೆಯಿಲ್ಲದೆ ಅವರು ಮಾಡಿದ ಲೆಕ್ಕ ಪ್ರಯೋಗದ ಅಳತೆಗಳಿಗೆ ಚೆನ್ನಾಗಿ ಹೊಂದಿತು.