‘ನಾಳೆ ಬನ್ನಿ’ ಎನ್ನದಿರಲು ಎಷ್ಟು ಸ್ಟಾಕ್ ಬೇಕು?

ಶನಿವಾರ ಸಂಜೆ. ತಾಲ್ಲೂಕು ಕೇಂದ್ರವೊಂದರ ಔಷಧಿ ಅಂಗಡಿಗೆ ಹಳ್ಳಿಯ ಹಿರಿಯರೊಬ್ಬರು ಬಂದು ಇನ್ಸುಲಿನ್ ಕೇಳುತ್ತಾರೆ. ಅಂಗಡಿಯವರು ಫ್ರಿಜ್ ತೆರೆದು ನೋಡಿ, “ಖಾಲಿಯಾಗಿದೆ ಯಜಮಾನ್ರೇ, ಸೋಮವಾರ ಬರುತ್ತೆ” ಎನ್ನುತ್ತಾರೆ. ಹಿರಿಯರಿಗೆ ಬಸ್ಸಿನ ಖರ್ಚು ದಂಡ, ಜೊತೆಗೆ ಎರಡು ದಿನದ ಆತಂಕ. ನಾಲ್ಕು ಬಾಟಲಿ ಹೆಚ್ಚಿಗೆ ತರಿಸಿಟ್ಟಿದ್ದರೆ ಅಂಗಡಿಯವರ ಗಂಟೇನು ಹೋಗುತ್ತಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆ ‘ನಾಲ್ಕು ಬಾಟಲಿ’ ಎಲ್ಲಿಗೆ ಸಾಲುತ್ತದೆ, ಎಲ್ಲಿಗೆ ಸಾಲುವುದಿಲ್ಲ ಎಂಬುದನ್ನು ಒಂದು ಲೆಕ್ಕದಿಂದಲೇ ನೋಡಬಹುದು.

ಇಂಥ ಅಂಗಡಿಯೊಂದರಲ್ಲಿ ವಾರಕ್ಕೆ ಸರಾಸರಿ 100 ಬಾಟಲಿ ಇನ್ಸುಲಿನ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸೋಮವಾರ ಬೆಳಿಗ್ಗೆ ಸ್ಟಾಕಿಸ್ಟ್ ಬಳಿಯಿಂದ ಮಾಲು ಬರುತ್ತದೆ. ಉಳಿದದ್ದನ್ನು ಎಣಿಸಿ, ನಿಗದಿ ಮಾಡಿಕೊಂಡ ಮಟ್ಟಕ್ಕೆ ತುಂಬಿಸಿಕೊಳ್ಳುವುದು ಅಂಗಡಿಯ ಪದ್ಧತಿ. ಆದರೆ ಸರಾಸರಿ 100 ಎಂದ ಮಾತ್ರಕ್ಕೆ ಎಲ್ಲ ವಾರವೂ 100 ಅಲ್ಲ. ಒಂದು ವಾರ 85, ಮತ್ತೊಂದು ವಾರ 118. ಸಾಮಾನ್ಯವಾಗಿ ಮೂರರಲ್ಲಿ ಎರಡು ವಾರ ಮಾರಾಟ 80 ಮತ್ತು 120ರ ನಡುವೆ ಇರುತ್ತದೆ. ಸಂಖ್ಯಾಶಾಸ್ತ್ರದವರು ಈ 20ನ್ನು ಪ್ರಮಾಣ ವಿಚಲನೆ ಎನ್ನುತ್ತಾರೆ. ನಾವು ಏರುಪೇರು ಎಂದರೆ ಸಾಕು.

ಸೋಮವಾರ ಸರಿಯಾಗಿ 100 ಬಾಟಲಿ ಇಟ್ಟರೆ ಎರಡರಲ್ಲಿ ಒಂದು ವಾರ ಕೊರತೆ ಬೀಳುತ್ತದೆ. ಆದ್ದರಿಂದ ಸರಾಸರಿಗಿಂತ ಮೇಲೆ ಒಂದಿಷ್ಟು ಇಡಲೇಬೇಕು. ಆಪತ್ತಿಗೆಂದು ಇಡುವ ಈ ಹೆಚ್ಚುವರಿ ದಾಸ್ತಾನೇ ಸೇಫ್ಟಿ ಸ್ಟಾಕ್. ನೂರು ವಾರಗಳಲ್ಲಿ ಎಷ್ಟು ವಾರ ಒಮ್ಮೆಯೂ ‘ಇಲ್ಲ’ ಎನ್ನದೆ ಕಳೆಯುತ್ತದೆಯೋ ಅದು ಅಂಗಡಿಯ ಸರ್ವಿಸ್ ಲೆವೆಲ್.

ಈಗ ಆ ನೂರು ವಾರಗಳನ್ನು ಶಾಲೆಯ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದಂತೆ ಮಾರಾಟದ ಪ್ರಕಾರ ಸಾಲಾಗಿ ನಿಲ್ಲಿಸಿ. ಸಾಲಿನ ನಡುವೆ ಮಕ್ಕಳು ಹೆಚ್ಚುಕಡಿಮೆ ಒಂದೇ ಎತ್ತರ. 50ನೆಯ ವಾರಕ್ಕೂ 55ನೆಯ ವಾರಕ್ಕೂ ಅಂತರ ಎರಡೂವರೆ ಬಾಟಲಿ ಮಾತ್ರ. ಅಂದರೆ ಅರ್ಧ ಬಾಟಲಿ ಸೇರಿಸಿದರೆ ಒಂದು ವಾರ ಗೆದ್ದಂತೆ. ಸಾಲಿನ ತುದಿಗೆ ಹೋದಂತೆ ಮಕ್ಕಳು ವಿರಳವಾಗುತ್ತಾರೆ, ಒಬ್ಬರಿಗೂ ಮತ್ತೊಬ್ಬರಿಗೂ ನಡುವಿನ ಅಂತರ ಬೆಳೆಯುತ್ತದೆ. 90ನೆಯ ವಾರವನ್ನು ನಿಭಾಯಿಸಲು 126 ಬಾಟಲಿ ಬೇಕು, 95ನೆಯದಕ್ಕೆ 133. ಇಲ್ಲಿ ಒಂದೊಂದು ವಾರಕ್ಕೆ ಸುಮಾರು ಒಂದೂವರೆ ಬಾಟಲಿಯ ಬೆಲೆ. 98ರಿಂದ 99ಕ್ಕೆ ಏರಲು ಐದೂವರೆ ಬಾಟಲಿ. ಅಲ್ಲಿಂದ 99.9ಕ್ಕೆ, ಅಂದರೆ ಒಂದು ಅಂಕವೂ ತುಂಬದ ಏರಿಕೆಗೆ, ಇನ್ನೂ 15.

ಇದನ್ನು ಗೆರೆಯಾಗಿ ಎಳೆದರೆ ಮೊದಲು ಬಯಲಲ್ಲಿ ಸಾಗುವ ದಾರಿಯಂತೆ ಹೋಗಿ, 95 ದಾಟಿದ ಮೇಲೆ ಘಾಟಿ ಹತ್ತುತ್ತದೆ. 100ರ ಹತ್ತಿರ ಗೋಡೆಯಂತೆ ಎದ್ದು ನಿಲ್ಲುತ್ತದೆ. ಆ ಗೆರೆ ನೂರನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಇದಕ್ಕಿಂತ ಹೆಚ್ಚು ಬೇಡಿಕೆಯ ವಾರ ಬರಲಾರದು ಎಂದು ಹೇಳುವ ಸಂಖ್ಯೆ ಯಾವುದೂ ಇಲ್ಲ.

ಒಂದು ಬಾಟಲಿಗೆ ಲೆಕ್ಕಕ್ಕೆ 150 ರೂಪಾಯಿ ಎಂದರೆ ಐದೂವರೆ ಬಾಟಲಿ ದೊಡ್ಡ ಮೊತ್ತವಲ್ಲ. ಆದರೆ ಅಂಗಡಿಯಲ್ಲಿರುವುದು ಇನ್ಸುಲಿನ್ ಒಂದೇ ಅಲ್ಲ, ಸಾವಿರಾರು ಬಗೆಯ ಔಷಧಿಗಳು. 95ರ ಮಟ್ಟದಲ್ಲಿ ಎಲ್ಲದರ ಸೇಫ್ಟಿ ಸ್ಟಾಕ್‌ಗೆ 2 ಲಕ್ಷ ರೂಪಾಯಿ ಹಿಡಿದಿದ್ದರೆ, ಎಲ್ಲವನ್ನೂ 99ಕ್ಕೆ ಏರಿಸಲು ಅದು ಸುಮಾರು 2 ಲಕ್ಷ 83 ಸಾವಿರವಾಗಬೇಕು. 99.9ಕ್ಕೆ 3 ಲಕ್ಷ 75 ಸಾವಿರ ದಾಟುತ್ತದೆ. ಇದು ವಾರದ ಮಾರಾಟದಲ್ಲಿ ತಿರುಗುವ ದುಡ್ಡೂ ಅಲ್ಲ. ಮಾಲು ಬದಲಾಗುತ್ತಿದ್ದರೂ ಅಷ್ಟು ಬಂಡವಾಳ ಸದಾ ಕಪಾಟಿನಲ್ಲೇ ಕೂತಿರುತ್ತದೆ. ಇನ್ಸುಲಿನ್‌ಗಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ ಜಾಗವೂ ಬೇಕು.

ನಿಧಾನಕ್ಕೆ ಹೋಗುವ ಔಷಧಿಗಳ ಪಾಡು ಇನ್ನೂ ಕಷ್ಟ. ವಾರಕ್ಕೆ ಸರಾಸರಿ ಎರಡೇ ಹೋಗುವ ಮಾತ್ರೆಯ ಡಬ್ಬಿಗೆ 95ರ ಮಟ್ಟ ಬೇಕೆಂದರೆ ಐದು ಇಡಬೇಕು, ಅಂದರೆ ಸರಾಸರಿಯ ಎರಡೂವರೆ ಪಟ್ಟು. ಇನ್ಸುಲಿನ್‌ಗೆ ಅದೇ ಮಟ್ಟಕ್ಕೆ ಸರಾಸರಿಯ ಮೂರನೇ ಒಂದರಷ್ಟು ಹೆಚ್ಚಿಗೆ ಇದ್ದರೆ ಸಾಕಿತ್ತು. ಹೆಚ್ಚಿಗೆ ಇಟ್ಟ ಡಬ್ಬಿಗಳು ಎಕ್ಸ್‌ಪೈರಿಯ ಕಡೆಗೆ ಸಾಗುವುದೂ ಇಲ್ಲಿಯೇ. ಎಲ್ಲ ಔಷಧಿಗೂ ಒಂದೇ ಮಟ್ಟ ನಿಗದಿ ಮಾಡುವ ಅಂಗಡಿ ನೋವಿನ ಮುಲಾಮಿಗೂ ಇನ್ಸುಲಿನ್‌ಗೂ ಒಂದೇ ಮರ್ಯಾದೆ ಕೊಟ್ಟಂತೆ. ಮುಲಾಮು 90ರಲ್ಲಿರಲಿ, ಅದಕ್ಕೆ ಬದಲಿ ಸಿಗುತ್ತದೆ. ಉಳಿದ ದುಡ್ಡು ಇನ್ಸುಲಿನ್‌ಗೆ ಹೋಗಲಿ.

ಲೆಕ್ಕ ತಪ್ಪುವ ಜಾಗವೊಂದನ್ನು ಹೇಳಲೇಬೇಕು. ಬಿಲ್ಲಿಂಗ್ ಕಂಪ್ಯೂಟರ್ ತೋರಿಸುವುದು ಮಾರಾಟವನ್ನು, ಬೇಡಿಕೆಯನ್ನಲ್ಲ. ಶನಿವಾರ ಬರಿಗೈಲಿ ಹೋದ ಹಿರಿಯರ ಹೆಸರಿನಲ್ಲಿ ಬಿಲ್ಲೇ ಇಲ್ಲ. ಸ್ಟಾಕ್ 110 ಇದ್ದ ವಾರ 130 ಜನ ಕೇಳಿದ್ದರೂ ದಾಖಲೆಯಲ್ಲಿ 110 ಎಂದೇ ಉಳಿಯುತ್ತದೆ. ಸಾಲಿನ ಎತ್ತರದ ಮಕ್ಕಳ ತಲೆ ಸವರಿದಂತಾಗಿ ಏರುಪೇರು ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಸೇಫ್ಟಿ ಸ್ಟಾಕ್ ಮತ್ತೆ ಕಡಿಮೆಯಾಗುತ್ತದೆ. ಹಲವು ವಾರಗಳ ಮಾರಾಟ ಒಂದೇ ಸಂಖ್ಯೆಗೆ ಬಂದು ನಿಂತಿದ್ದರೆ, ಅದೂ ತುಂಬಿಸಿಟ್ಟ ಮಟ್ಟಕ್ಕೇ ಸರಿಯಾಗಿ ನಿಂತಿದ್ದರೆ, ರೋಗ ಇದೇ. ಗಿರಾಕಿ ಕೇಳಿ ಇಲ್ಲವೆಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವ ಹಳೆಯ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು.

ಇನ್ನೊಂದು ಮಿತಿ ನೂರು ವಾರಗಳ ಸಾಲಿನಲ್ಲೇ ಇದೆ. ಆ ಸಾಲು ಹಿಂದೆ ನಡೆದದ್ದರ ಚಿತ್ರ. 2021ರ ಮೇ ತಿಂಗಳಲ್ಲಿ ಕೋವಿಡ್ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ಆಂಫೊಟೆರಿಸಿನ್ ಬಿ ಚುಚ್ಚುಮದ್ದಿಗೆ ಕರ್ನಾಟಕವೂ ಸೇರಿ ದೇಶವೆಲ್ಲ ಪರದಾಡಿತು. ಅಪರೂಪಕ್ಕೆ ಬಳಕೆಯಾಗುತ್ತಿದ್ದ ಔಷಧಿ ಅದು. ಹಿಂದಿನ ಮಾರಾಟದ ಮೇಲೆ 99.9ಕ್ಕೆ ಲೆಕ್ಕ ಹಾಕಿ ಇಟ್ಟಿದ್ದರೂ ಅಂಥ ದಿನಕ್ಕೆ ಸಾಲುತ್ತಿರಲಿಲ್ಲ.

ಘಾಟಿ ಹತ್ತುವುದಕ್ಕೆ ಬದಲು ಘಾಟಿಯನ್ನೇ ತಗ್ಗಿಸುವ ದಾರಿಯೂ ಇದೆ. ಸೋಮವಾರ ಮಾತ್ರ ಬರುತ್ತಿದ್ದ ಮಾಲು ವಾರಕ್ಕೆ ಎರಡು ಸಲ ಬಂದರೆ, ಅಂಗಡಿ ಎದುರಿಸಬೇಕಾದದ್ದು ಏಳು ದಿನದ ಏರುಪೇರನ್ನಲ್ಲ, ಮೂರೂವರೆ ದಿನದ್ದನ್ನು. ಅವಧಿ ಅರ್ಧವಾದರೆ ಏರುಪೇರು ಅರ್ಧವಾಗುವುದಿಲ್ಲ, 20ರಿಂದ 14ಕ್ಕೆ ಇಳಿಯುತ್ತದೆ. ಅಷ್ಟು ಸಾಕು: 99ರ ಮಟ್ಟಕ್ಕೆ ಈಗ 33 ಬಾಟಲಿ ಸೇಫ್ಟಿ ಸ್ಟಾಕ್ ಇದ್ದರೆ ಆಯಿತು, ಮೊದಲು 95ಕ್ಕೇ ಅಷ್ಟು ಬೇಕಿತ್ತು. ಮಾಲು ಬರುವ ಸರದಿ ವರ್ಷಕ್ಕೆ ಎರಡರಷ್ಟಾಗುವುದರಿಂದ ಕೊರತೆ ಪೂರ್ತಿ ಮಾಯವಾಗುವುದಿಲ್ಲ. ಆದರೂ ಎರಡು ವರ್ಷಕ್ಕೆ ಐದು ಸಲ ಖಾಲಿಯಾಗುತ್ತಿದ್ದ ಫ್ರಿಜ್ ಈಗ ವರ್ಷಕ್ಕೊಂದು ಸಲ ಖಾಲಿಯಾಗುತ್ತದೆ. ಎಷ್ಟು ಇಡಬೇಕು ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಎಷ್ಟು ಬೇಗ ತರಿಸಬಹುದು ಎಂದು ಅಂಗಡಿಯವರು ಕೇಳಿಕೊಳ್ಳುವುದು ಲೇಸು.

ಗಿರಾಕಿಗಳ ಕೈಯಲ್ಲೂ ಒಂದು ಉಪಾಯ ಇದೆ. ಮಿಲಿಲೀಟರಿಗೆ 40 ಯೂನಿಟ್ ಇರುವ 10 ಮಿಲಿಲೀಟರಿನ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 20 ಯೂನಿಟ್ ತೆಗೆದುಕೊಳ್ಳುವವರಿಗೆ ಅದು 20 ದಿನ ಬರುತ್ತದೆ. ಅಂದರೆ ಮುಂದಿನ ಬಾಟಲಿ ಯಾವಾಗ ಬೇಕು ಎಂಬುದು ಮನೆಯವರಿಗೆ ಇವತ್ತೇ ಗೊತ್ತು, ಅಂಗಡಿಯವರಿಗೆ ಮಾತ್ರ ಗೊತ್ತಿಲ್ಲ. ಮೊದಲೇ ಹೇಳಿದ ಬಾಟಲಿಗೆ ಸೇಫ್ಟಿ ಸ್ಟಾಕ್ ಬೇಕಾಗುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ, ಬಾಟಲಿ ಮುಗಿಯುವ ವಾರಕ್ಕೆ ಮುಂಚೆ ನಿಮ್ಮ ಔಷಧಿ ಅಂಗಡಿಗೆ ಒಂದು ಫೋನ್ ಮಾಡಿ ಹೇಳಿಬಿಡಿ.